ಮಗುವಿನ ತೂಕದ ಗೆರೆ ಓದುವುದು ಹೇಗೆ?

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಅಕ್ಕಪಕ್ಕದ ಮನೆಯ ಎರಡು ಹೆಣ್ಣು ಕೂಸುಗಳು ಎಂದುಕೊಳ್ಳಿ. ಇಬ್ಬರಿಗೂ ಒಂಬತ್ತು ತಿಂಗಳು. ಇಂಚರ 7.3 ಕೆ.ಜಿ., ಭೂಮಿ 7.4 ಕೆ.ಜಿ. ಇಂಚರಳ ಅಜ್ಜಿಗೆ ಚಿಂತೆ, ‘ನಮ್ ಕೂಸು ಸೊರಗೈತಿ’ ಅಂತ. ಭೂಮಿಯ ಮನೆಯಲ್ಲಿ ಎಲ್ಲರೂ ನಿರಾಳ. ಆದರೆ ಮಕ್ಕಳ ಡಾಕ್ಟರು ಚಾರ್ಟ್ ತೆಗೆದರೆ ತಡೆದು ಕೂರಿಸಿಕೊಂಡು ಮಾತಾಡುವುದು ಭೂಮಿಯ ಅಮ್ಮನ ಜೊತೆ. ಯಾಕೆ?

ಮೊದಲು ಚಾರ್ಟ್ ಸರಿಯಾದದ್ದೇ ನೋಡಿ. ಹೆಣ್ಣು ಮಕ್ಕಳಿಗೆ ಬೇರೆ, ಗಂಡು ಮಕ್ಕಳಿಗೆ ಬೇರೆ. ಅಡ್ಡಕ್ಕೆ ವಯಸ್ಸು, ಉದ್ದಕ್ಕೆ ತೂಕ. ಒಳಗೆ ಬಾಗಿದ ಐದು ಗೆರೆಗಳು, ಅವುಗಳ ತುದಿಯಲ್ಲಿ 3, 15, 50, 85, 97 ಎಂದಿರುತ್ತದೆ. ಇವೇ ಪರ್ಸೆಂಟೈಲ್. ಇವು ಪರೀಕ್ಷೆಯ ಮಾರ್ಕ್ಸ್ ಅಲ್ಲ. 15ನೇ ಗೆರೆ ಅಂದರೆ ಅದೇ ವಯಸ್ಸಿನ ನೂರು ಆರೋಗ್ಯವಂತ ಹೆಣ್ಣು ಮಕ್ಕಳನ್ನು ತೂಗಿದರೆ ಹದಿನೈದು ಮಕ್ಕಳು ಇದಕ್ಕಿಂತ ಹಗುರ, ಉಳಿದವರು ಭಾರ, ಅಷ್ಟೇ. ‘ಇದು ಹೊರದೇಶದ ಲೆಕ್ಕ, ನಮ್ಮ ಮಕ್ಕಳಿಗಲ್ಲ’ ಎನ್ನುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಈ ಚಾರ್ಟ್ ಕೊಟ್ಟಾಗ ಅಳೆದಿದ್ದು ಆರು ದೇಶಗಳ ಮಕ್ಕಳನ್ನು. ಅದರಲ್ಲಿ ದೆಹಲಿಯ ಮಕ್ಕಳೂ ಇದ್ದರು.

ಈಗ ಚುಕ್ಕಿ ಇಡೋಣ. ಇಂಚರ ಹುಟ್ಟಿದಾಗ 2.8 ಕೆ.ಜಿ., ಮೂರು ತಿಂಗಳಿಗೆ 5.1, ಆರಕ್ಕೆ 6.4, ಒಂಬತ್ತಕ್ಕೆ 7.3. ಚುಕ್ಕಿಗಳನ್ನು ಸೇರಿಸಿದರೆ ಅದು 15ನೇ ಗೆರೆಯ ಮೇಲೇ ಕೂರುತ್ತದೆ. ಅಪ್ಪ ಅಮ್ಮನೂ ಸಣ್ಣ ಆಳಾದರೆ ಇದರಲ್ಲಿ ಅಚ್ಚರಿಯೇ ಇಲ್ಲ. ಮಗು ತನ್ನ ದಾರಿ ಹಿಡಿದು ಬೆಳೆಯುತ್ತಿದೆ.

ಭೂಮಿ ಹುಟ್ಟಿದಾಗ 3.2, ಮೂರಕ್ಕೆ 5.8, ಆರಕ್ಕೆ 7.3. ಅಲ್ಲಿಯವರೆಗೆ 50ನೇ ಗೆರೆ. ಅದೇ ಗೆರೆಯಲ್ಲಿ ಉಳಿದಿದ್ದರೆ ಒಂಬತ್ತಕ್ಕೆ 8.2 ಆಗಬೇಕಿತ್ತು. ಅಂದರೆ ಮೂರು ತಿಂಗಳಲ್ಲಿ ಸುಮಾರು 900 ಗ್ರಾಂ ಹೆಚ್ಚಬೇಕಿದ್ದ ಮಗು ಹೆಚ್ಚಿದ್ದು 100 ಗ್ರಾಂ ಮಾತ್ರ. ಗೆರೆ ಹೆಚ್ಚೂಕಡಿಮೆ ಮಟ್ಟಸವಾಗಿ, 15ರ ಹತ್ತಿರಕ್ಕೆ ಇಳಿದಿದೆ. ಒಂದು ದಿನದ ತೂಕ ಮಾತ್ರ ನೋಡಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಗಾಬರಿಗೆ ಮುಂಚೆ ಇನ್ನೊಮ್ಮೆ ತೂಗಿ. ಸ್ವೆಟರು, ಕುಲಾವಿ, ಒದ್ದೆ ಡೈಪರ್ ಸೇರಿದರೆ ಒಂದೆರಡು ನೂರು ಗ್ರಾಂ ಸುಮ್ನೆ ಹೆಚ್ಚು ಕಡಿಮೆ ಆಗುತ್ತದೆ. ಬಟ್ಟೆ ತೆಗೆದು, ತಕ್ಕಡಿ ಸೊನ್ನೆಯಲ್ಲಿದೆಯಾ ನೋಡಿ, ಪ್ರತಿ ಸಲ ಅದೇ ತಕ್ಕಡಿಯಲ್ಲಿ ತೂಗಿಸಿ. ಜೊತೆಗೆ ಉದ್ದವನ್ನೂ ಅಳೆಸಿ. ಎರಡು ವರ್ಷದವರೆಗೆ ಮಲಗಿಸಿಯೇ ಅಳೆಯಬೇಕು.

ಉದ್ದ ಯಾಕೆ ಬೇಕು ಅಂದರೆ, ಹೊಟ್ಟೆಗೆ ಸಾಲದಿದ್ದಾಗ ಮೊದಲು ನಿಲ್ಲುವುದು ತೂಕ. ಉದ್ದ ನಿಧಾನಕ್ಕೆ ನಿಲ್ಲುತ್ತದೆ. ಭೂಮಿಯ ಉದ್ದ 70 ಸೆಂ.ಮೀ. ಎಂದಿಟ್ಟುಕೊಳ್ಳಿ. ಅದು ಇನ್ನೂ 50ನೇ ಗೆರೆಯಲ್ಲೇ ಇದೆ. ಹಾಗಾದರೆ ತೊಂದರೆ ಇತ್ತೀಚಿನದು. ಉದ್ದದ ಗೆರೆಯೂ ಬಾಗಿದ್ದರೆ ಕೊರತೆ ಹಳೆಯದು, ಡಾಕ್ಟರು ಇನ್ನೂ ಆಳಕ್ಕೆ ಹುಡುಕಬೇಕಾಗುತ್ತದೆ.

ಗೆರೆ ಆರು ತಿಂಗಳ ನಂತರ ಬಾಗಿದ್ದೂ ಒಂದು ಸುಳಿವು. ಎದೆಹಾಲೊಂದೇ ಸಾಲದೆ ಊಟ ಶುರುವಾಗುವ ಹೊತ್ತು ಅದು. ನಮ್ಮ ಕಡೆ ಹೆಚ್ಚಾಗಿ ಆಗುವುದು ಇದೇ: ರಾಗಿ ಸರಿ ನೀರು ನೀರಾಗಿ ಮಾಡಿ, ದಿನಕ್ಕೆ ಒಂದೆರಡು ಸಲ ಕುಡಿಸುತ್ತಾರೆ. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಚಮಚ ಓರೆ ಮಾಡಿದರೆ ಸುರಿಯದಷ್ಟು ಗಟ್ಟಿ ಇರಲಿ. ಒಂದು ಚಮಚ ತುಪ್ಪ, ಮೆತ್ತಗೆ ಬೆಂದ ಬೇಳೆ, ತಿನ್ನುವವರ ಮನೆಯಾದರೆ ಮೊಟ್ಟೆ ಸೇರಲಿ. ಒಂಬತ್ತು ತಿಂಗಳಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟ, ಜೊತೆಗೆ ಎದೆಹಾಲು. ನಡುವೆ ಭೇದಿ, ಜ್ವರ, ಕೆಮ್ಮು ಬಂದಿತ್ತಾ ಎಂದೂ ನೆನಪಿಸಿಕೊಂಡು ಡಾಕ್ಟರಿಗೆ ಹೇಳಿ.

ಗೆರೆ ಇಳಿದದ್ದೆಲ್ಲ ರೋಗವೂ ಅಲ್ಲ. ತುಂಬಾ ದಪ್ಪ ಹುಟ್ಟಿದ ಮಗು ಮೊದಲ ವರ್ಷ ನಿಧಾನವಾಗಿ ಕೆಳಗಿನ ಗೆರೆಗೆ ಬಂದು, ಆಮೇಲೆ ಅದನ್ನೇ ಹಿಡಿದು ಹೋಗಬಹುದು. ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೆ ಎರಡು ವರ್ಷದವರೆಗೆ ವಯಸ್ಸಿನಿಂದ ಅಷ್ಟು ವಾರ ಕಳೆದು ಚುಕ್ಕಿ ಇಡಬೇಕು. ಎಂಟು ವಾರ ಮುಂಚೆ ಬಂದ ಮಗುವನ್ನು ಇದು ಮರೆತು ನೋಡಿದರೆ ಸುಳ್ಳೇ ಹಿಂದುಳಿದಂತೆ ಕಾಣುತ್ತದೆ.

ಅಂಗನವಾಡಿಯ ತಾಯಿ ಕಾರ್ಡಿನಲ್ಲಿ ಗೆರೆಗಳು ಬೇರೆ, ಬಣ್ಣದ ಪಟ್ಟಿ ಇರುತ್ತದೆ. ಹಸಿರು ಪಟ್ಟಿ ಮುಗಿಯುವ ಜಾಗ ಸುಮಾರು 3ನೇ ಪರ್ಸೆಂಟೈಲ್‌ನ ಹತ್ತಿರ. ಹಾಗಾಗಿ ಭೂಮಿ ಅಲ್ಲಿ ಇನ್ನೂ ಹಸಿರಲ್ಲೇ ಇರುತ್ತಾಳೆ! ಬಣ್ಣ ಬದಲಾಗಲಿ ಅಂತ ಕಾಯಬೇಡಿ. ಗೆರೆ ಮಟ್ಟಸವಾದರೆ ಸಾಕು, ಕೇಳಿ.

ಭೂಮಿಯನ್ನು ಊಟ ಸರಿಮಾಡಿದ ಒಂದು ತಿಂಗಳಿಗೆ ಮತ್ತೆ ತೂಗಬೇಕು. 300 ಗ್ರಾಂಗೆ ಮೇಲೆ ಏರಿದ್ದರೆ ಗೆರೆ ಮತ್ತೆ ಮೇಲಕ್ಕೆ ತಿರುಗಿದೆ ಎಂದರ್ಥ. ಚೆನ್ನಾಗಿ ತಿಂದೂ ಏರದಿದ್ದರೆ ಮನೆಮದ್ದು ಬೇಡ. ರಕ್ತ, ಮೂತ್ರ ಪರೀಕ್ಷೆಗೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಹಳೆಯ ತೂಕಗಳಿರುವ ಕಾರ್ಡನ್ನು ಜೊತೆಗೇ ಒಯ್ಯಿರಿ.