ಪಂಚಮಿಯ ರೀಲ್ ಮೂಕವಾದ ಮೇಲೆ

ನಾಗರ ಪಂಚಮಿಗೆ ಎರಡು ದಿನ ಇರುವಾಗ ನಮ್ಮ ರೀಲ್ ಮೂಕವಾಯಿತು. ಸೀರೆಯ ಸೆರಗು ಗಾಳಿಗೆ ಹಾರುತ್ತಿತ್ತು, ಜೋಕಾಲಿ ತೂಗುತ್ತಿತ್ತು, ಹಾಡು ಮಾತ್ರ ಇರಲಿಲ್ಲ. ಇಳಕಲ್ಲಿನಲ್ಲಿ ನಮ್ಮದು ಎರಡು ಕೈಮಗ್ಗಗಳ ಮನೆ. ನೇಯ್ದ ಸೀರೆಗಳನ್ನು ಇನ್‌ಸ್ಟಾಗ್ರಾಮ್‌ನಲ್ಲಿ ತೋರಿಸಿ ಮಾರುವುದು ನನ್ನ ಪಾಲಿನ ಕೆಲಸ. ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳಿಗೆ ಸೀರೆ ಕೊಡುವ ಮನೆಗಳೇ ನಮ್ಮ ದೊಡ್ಡ ಗಿರಾಕಿಗಳು. ಹಾಗಾಗಿ ಆ ವಾರದ ಒಂದು ರೀಲ್ ಉಳಿದ ತಿಂಗಳುಗಳ ಹತ್ತಕ್ಕೆ ಸಮ.

ತಪ್ಪು ನನ್ನದೇ. ನಮ್ಮದು ಮೊದಲು ಬಿಸಿನೆಸ್ ಖಾತೆಯಾಗಿತ್ತು. ಅದರಲ್ಲಿ ಹುಡುಕಿದರೆ ಜನಪ್ರಿಯ ಹಾಡುಗಳು ಸಿಗುತ್ತಿರಲಿಲ್ಲ. ಖಣದ ವ್ಯಾಪಾರ ಮಾಡುವ ಗೆಳೆಯನೊಬ್ಬ, “ಖಾತೆಯನ್ನು ಪರ್ಸನಲ್‌ಗೆ ಬದಲಿಸು, ಎಲ್ಲಾ ಹಾಡೂ ಬರುತ್ತವೆ” ಎಂದ. ಬದಲಿಸಿದೆ, ಬಂದವು. ಆ್ಯಪ್ ತಾನೇ ಕೊಟ್ಟ ಹಾಡು, ಇನ್ನೇನು ಅಡ್ಡಿ ಎಂದುಕೊಂಡೆ. ನಾನು ಕಂಡ ಸಣ್ಣ ವ್ಯಾಪಾರಿಗಳಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಬಿಸಿನೆಸ್ ಖಾತೆಗೆ ಆ ಹಾಡುಗಳು ಕಾಣದಿರುವುದು ಆ್ಯಪ್‌ನ ದೋಷವಲ್ಲ. ಅವುಗಳಿಗೆ ಸಿಕ್ಕಿರುವ ಅನುಮತಿ ಜನ ತಮ್ಮ ಖುಷಿಗೆ ಹಾಕುವ ಪೋಸ್ಟ್‌ಗಳಿಗೆ ಮಾತ್ರ, ವ್ಯಾಪಾರಕ್ಕಲ್ಲ. ಖಾತೆಯ ಬಗೆ ಬದಲಾದರೂ “ಬೆಲೆಗೆ ಮೆಸೇಜ್ ಮಾಡಿ” ಎಂದು ಬರೆದ ರೀಲ್ ಜಾಹೀರಾತಾಗಿಯೇ ಉಳಿಯುತ್ತದೆ. ಹದಿನೈದು ಸೆಕೆಂಡಿಗಿಂತ ಕಡಿಮೆ ಇದ್ದರೆ ನಡೆಯುತ್ತದೆ, ಕೆಳಗೆ “ಕೃಪೆ” ಎಂದು ಬರೆದರೆ ಸಾಕು ಎನ್ನುವ ಮಾತುಗಳು ನಮ್ಮ ಮಾರುಕಟ್ಟೆಯಲ್ಲಿ ಓಡಾಡುತ್ತವೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಂಥ ಸೆಕೆಂಡಿನ ಲೆಕ್ಕ ಎಲ್ಲಿಯೂ ಇಲ್ಲ.

ನನ್ನ ಇನ್ನೊಂದು ವಾದವೂ ಇತ್ತು: ರೀಲಿಗೆ ಹಾಕಿದ್ದು ಜನಪದ ಹಾಡು, ಅದಕ್ಕೆ ಒಡೆಯರು ಯಾರು? ಕೂತು ಓದಿದ ಮೇಲೆ ತಿಳಿಯಿತು, ಒಂದು ಹಾಡಿನಲ್ಲಿ ಮೂರು ಸ್ವತ್ತುಗಳಿರುತ್ತವೆ. ಪದ ಒಂದು, ಧಾಟಿ ಒಂದು, ಧ್ವನಿಮುದ್ರಣ ಇನ್ನೊಂದು. ಬೀಸುವ ಪದದ ಸಾಲುಗಳು ಅಜ್ಜಿಯರ ಕಾಲದವೇ ಇರಬಹುದು. ಆದರೆ ನಾನು ಹಾಕಿದ್ದು ಒಂದು ಕಂಪನಿ ಗಾಯಕಿಯನ್ನು ಕರೆಸಿ, ವಾದ್ಯ ಸೇರಿಸಿ ಮುದ್ರಿಸಿದ್ದನ್ನು. ಆ ಮುದ್ರಣದ ಮೇಲೆ ಅದು ಹೊರಬಂದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಹನ್ನೆರಡನೆಯ ಶತಮಾನದ ವಚನಕ್ಕೂ ಇದೇ ಮಾತು: ವಚನ ಎಲ್ಲರದು, ಹೊಸ ರಾಗ ಹಾಕಿ ಹಾಡಿಸಿದ ಮುದ್ರಣ ಎಲ್ಲರದಲ್ಲ. ಹಳೆಯ ಚಿತ್ರಗೀತೆಯಲ್ಲಿ ಸಿಕ್ಕು ಬೇರೆ ರೀತಿಯದು. 1960ರ ಹಾಡಿನ ಮುದ್ರಣದ ಅವಧಿ 2020ರ ಕೊನೆಗೆ ಮುಗಿದಿದ್ದರೂ, ಬರೆದವರು ತೀರಿಕೊಂಡು 60 ವರ್ಷ ಕಳೆದಿರದಿದ್ದರೆ ಸಾಹಿತ್ಯದ ಹಕ್ಕು ಇನ್ನೂ ಜೀವಂತವಾಗಿರುತ್ತದೆ.

ಆ ಎರಡು ದಿನಕ್ಕೆ ಮೆಟಾ ಕಂಪನಿಯ ಸೌಂಡ್ ಕಲೆಕ್ಷನ್‌ನಿಂದ ಒಂದು ಕೊಳಲಿನ ತುಣುಕು ಹಾಕಿ ದಾಟಿದೆ. ಅಲ್ಲಿನ ಸಂಗೀತವನ್ನು ಇನ್‌ಸ್ಟಾಗ್ರಾಮ್ ಮತ್ತು ಫೇಸ್‌ಬುಕ್‌ನಲ್ಲಿ ವ್ಯಾಪಾರದ ಪೋಸ್ಟ್‌ಗೂ ದುಡ್ಡಿಲ್ಲದೆ ಬಳಸಬಹುದು. ಅದೇ ವಿಡಿಯೊವನ್ನು ಯೂಟ್ಯೂಬ್‌ಗೆ ಅಥವಾ ಜಾತ್ರೆಯ ಎಲ್‌ಇಡಿ ಪರದೆಗೆ ಒಯ್ದರೆ ಆ ಅನುಮತಿ ಜೊತೆಗೆ ಬರುವುದಿಲ್ಲ. ಕೊಳಲು ಇಂಪಾಗಿಯೇ ಇತ್ತು, ಆದರೆ ಇಳಕಲ್ ಸೀರೆಗೂ ಅದಕ್ಕೂ ಯಾವ ನಂಟೂ ಇರಲಿಲ್ಲ.

ಮುಂದಿನ ಪಂಚಮಿಗೆ ನಮ್ಮ ಚಿಗವ್ವನಿಂದ ಹಾಡಿಸಿದೆ. ಹಗಲಿನಲ್ಲಿ ಓಣಿಯ ಪವರ್‌ಲೂಮ್‌ಗಳ ಸದ್ದು ಬಿಡುವುದಿಲ್ಲ. ಹಾಗಾಗಿ ರಾತ್ರಿ ಊಟವಾದ ಮೇಲೆ ಕೋಣೆಯ ಮೂರು ಗೋಡೆಗಳಿಗೆ ಕೌದಿ ಇಳಿಬಿಟ್ಟು, ಫ್ಯಾನ್ ಆರಿಸಿ, ಮೊಬೈಲನ್ನು ಅವಳ ಬಾಯಿಂದ ಗೇಣಿನಷ್ಟು ದೂರ, ಸ್ವಲ್ಪ ಓರೆಯಾಗಿ ಇಟ್ಟೆ. ನೇರ ಇಟ್ಟಾಗ “ಪ”, “ಬ” ಬಂದಲ್ಲೆಲ್ಲ ಉಸಿರು ಮೈಕಿಗೆ ಬಡಿಯುತ್ತಿತ್ತು. ಲಾಳಿ ಓಡುವ ಸದ್ದನ್ನು ಬೆಳಗಿನ ಜಾವ ನಮ್ಮದೇ ಮಗ್ಗದ ಪಕ್ಕ ಕುಳಿತು ಮುದ್ರಿಸಿಕೊಂಡು ಹಾಡಿನ ಕೆಳಗೆ ತೆಳುವಾಗಿ ಸೇರಿಸಿದೆ.

ಚಿಗವ್ವ ಎರಡು ಪದ ಹಾಡಿದ್ದಳು. ಎರಡನ್ನೂ ಯಾರಿಂದ ಕಲಿತೆ ಎಂದು ಕೇಳಿದೆ. ಮೊದಲನೆಯದು ಅವಳ ಅವ್ವನಿಂದ, ಬೀಸುಕಲ್ಲಿನ ಮುಂದೆ. ಎರಡನೆಯದು “ಟೇಪಿನಲ್ಲಿ ಕೇಳಿದ್ದು” ಎಂದಳು. ಸಾಲುಗಳನ್ನು ಇಂಟರ್ನೆಟ್‌ನಲ್ಲಿ ಹುಡುಕಿದರೆ, ಬರೆದವರ ಹೆಸರಿನ ಸಮೇತ ಒಂದು ಕ್ಯಾಸೆಟ್ಟಿನ ಹಾಡು ಸಿಕ್ಕಿತು. ಅದು ಎರಡರಲ್ಲಿ ಚೆನ್ನಾದ ಹಾಡಾಗಿತ್ತು. ಬಿಡಬೇಕಾಯಿತು.

ಪದಕ್ಕೆ ಒಡೆಯರಿಲ್ಲದಿದ್ದರೂ ಹಾಡಿದವಳಿಗೆ ಕಲಾವಿದೆಯ ಹಕ್ಕು ಇರುತ್ತದೆ, ಅವಳು ಮನೆಯವಳಾದರೂ ಸರಿ. ಅದಕ್ಕಾಗಿ ಒಂದು ಹಾಳೆಯಲ್ಲಿ ಬರೆಸಿಕೊಂಡೆ: ಹಾಡಿನ ಮೊದಲ ಸಾಲು, ಮುದ್ರಿಸಿದ ದಿನ, ಸೀರೆಯ ಪ್ರಚಾರಕ್ಕೆ ಬಳಸಲು ಒಪ್ಪಿಗೆ, ಎಲ್ಲೆಲ್ಲಿ ಬಳಸುತ್ತೇನೆ, ಅವಧಿ ಹತ್ತು ವರ್ಷ, ಎಲ್ಲಾ ದೇಶಗಳಿಗೆ, ಪ್ರತಿಫಲ ಒಂದು ಸೀರೆ. ಅವಧಿ ಬರೆಯದೆ ಬಿಟ್ಟರೆ ಕಾಯ್ದೆ ಅದನ್ನು ಐದು ವರ್ಷ ಎಂದೇ ಎಣಿಸುತ್ತದೆ, ಊರು ದೇಶ ಬರೆಯದಿದ್ದರೆ ಭಾರತಕ್ಕಷ್ಟೇ ಎನ್ನುತ್ತದೆ. ನಮ್ಮ ಕೆಲವು ಸೀರೆಗಳು ಹೊರದೇಶಕ್ಕೂ ಹೋಗುತ್ತವೆ. “ಏನು ತಮ್ಮಾ, ಹಾಡಿಗೂ ಖರೀದಿಪತ್ರವೇ?” ಎಂದು ನಕ್ಕು ಸಹಿ ಹಾಕಿದಳು. ಸೀರೆಯನ್ನು ಮಾತ್ರ ನಗದೆ ಆರಿಸಿದಳು: ಚಿಕ್ಕಿ ಪರಾಸ ದಡಿ, ತೋಪು ತೆನೆ ಸೆರಗು, ಅಂಗಡಿಯಲ್ಲಿದ್ದವುಗಳಲ್ಲಿ ಹೆಚ್ಚು ಬೆಲೆಯದು.

ಅಕ್ಷರದ ಕಥೆ ಚಿಕ್ಕದು. ನಮ್ಮ ಹಳೆಯ ಪೋಸ್ಟರ್‌ಗಳ ಫಾಂಟ್ ಲಗ್ನಪತ್ರಿಕೆ ಮಾಡುವವರೊಬ್ಬರ ಪೆನ್‌ಡ್ರೈವ್‌ನಿಂದ ಬಂದಿತ್ತು. ಒಂದು ದಿನ ಆ ಕಡತದ ಪ್ರಾಪರ್ಟೀಸ್ ತೆರೆದು ನೋಡಿದೆ. ಖಾಸಗಿ ಬಳಕೆಗೆ ಮಾತ್ರ ಉಚಿತ ಎಂದು ಅಲ್ಲಿಯೇ ಬರೆದಿತ್ತು, ನಾವು ಯಾರೂ ಓದಿರಲಿಲ್ಲ. ಉಚಿತವಾಗಿ ಸಿಕ್ಕಿದ್ದು ವ್ಯಾಪಾರಕ್ಕೂ ಉಚಿತ ಎಂದುಕೊಳ್ಳುವುದೇ ಇಲ್ಲಿನ ತಪ್ಪು. ಈಗ ದಪ್ಪ ಶೀರ್ಷಿಕೆಗೆ ಬಲೂ ತಮ್ಮ 2, ಸಣ್ಣ ಅಕ್ಷರಕ್ಕೆ ನೋಟೊ ಸಾನ್ಸ್ ಕನ್ನಡ. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತವೆ, ಎರಡಕ್ಕೂ ಓಪನ್ ಫಾಂಟ್ ಲೈಸೆನ್ಸ್ ಇದೆ. ಜಾಹೀರಾತು, ಚೀಲ, ಬೋರ್ಡು ಯಾವುದಕ್ಕೂ ಬಳಸಬಹುದು, ಫಾಂಟನ್ನಷ್ಟೇ ಪ್ರತ್ಯೇಕವಾಗಿ ಮಾರುವಂತಿಲ್ಲ. ಜೊತೆಗೆ ಬರುವ OFL.txt ಕಡತವನ್ನು ಅಳಿಸದೆ ಚಿಗವ್ವನ ಹಾಳೆಯ ಫೋಟೊ ಇರುವ ಫೋಲ್ಡರಿನಲ್ಲಿಯೇ ಇಟ್ಟಿದ್ದೇನೆ.

ಚಿತ್ರದಲ್ಲಿ ನಾನು ಸಿಕ್ಕಿಬೀಳುವುದರಲ್ಲಿದ್ದದ್ದು ಬಾದಾಮಿಯ ಒಂದು ಫೋಟೊದಿಂದ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಸಿಕ್ಕ ಕೆರೆಯ ಚಿತ್ರದ ಮೇಲೆ ಸೀರೆಯನ್ನು ಅಂಟಿಸಿ ಪೋಸ್ಟರ್ ಮಾಡಿದ್ದೆ. ಅದರ ಅನುಮತಿ ಕ್ರಿಯೇಟಿವ್ ಕಾಮನ್ಸ್‌ನ CC BY-SA 4.0. ವ್ಯಾಪಾರಕ್ಕೆ ಬಳಸಲು ಅದರಲ್ಲಿ ತಡೆಯಿಲ್ಲ, ತೆಗೆದವರ ಹೆಸರು, ಅನುಮತಿಯ ಹೆಸರು, ಚಿತ್ರವನ್ನು ಬದಲಿಸಿದ್ದೇನೆ ಎಂಬ ಮಾತು ಬರೆಯಬೇಕು. ಅಷ್ಟನ್ನು ಬರೆಯಲು ಸಿದ್ಧನಿದ್ದೆ. ಕೊನೆಯ SA ಅಕ್ಷರಗಳ ಅರ್ಥ ಆಮೇಲೆ ಹೊಳೆಯಿತು: ಅದನ್ನು ಬದಲಿಸಿ ಮಾಡಿದ ನನ್ನ ಪೋಸ್ಟರನ್ನೂ ಅದೇ ಅನುಮತಿಯಡಿ ಬಿಡಬೇಕು, ಅಂದರೆ ಪಕ್ಕದ ಅಂಗಡಿಯವರು ಅದನ್ನು ತಿದ್ದಿ ತಮ್ಮ ಸೀರೆ ಹಾಕಿಕೊಂಡರೆ ನಾನು ತಕರಾರು ಎತ್ತುವಂತಿಲ್ಲ. ವ್ಯಾಪಾರೇತರ ಬಳಕೆಗೆ ಮಾತ್ರ ಎನ್ನುವ NC ಅಕ್ಷರಗಳಿದ್ದರಂತೂ ವ್ಯಾಪಾರಕ್ಕೆ ಬಾಗಿಲೇ ಮುಚ್ಚಿದಂತೆ.

ಕೆರೆಯನ್ನು ಬಿಟ್ಟು ನಮ್ಮೂರಿನ ಕೆಂಪು ಗ್ರಾನೈಟ್ ಚಪ್ಪಡಿಯ ಮೇಲೆ ಸೀರೆ ಹರಡಿ, ಫೋಟೊ ಸ್ಟುಡಿಯೊದವರಿಗೆ ಹಣ ಕೊಟ್ಟು ತೆಗೆಸಿದೆ. ಬೇರೆ ಕರಾರು ಇಲ್ಲದಿದ್ದರೆ ಹಣ ಕೊಟ್ಟು ತೆಗೆಸಿದ ಫೋಟೊದ ಹಕ್ಕು ತೆಗೆಸಿದವರದೇ. ಗೆಳೆಯ ಪುಕ್ಕಟೆಯಾಗಿ ತೆಗೆದುಕೊಟ್ಟರೆ ಹಾಗಲ್ಲ, ಅದು ಅವನದೇ. ಸ್ಟುಡಿಯೊದವರು ಬಿಲ್ ಕೊಡುವ ರೂಢಿ ಇಲ್ಲ ಎಂದರು. ಅರ್ಧ ಗಂಟೆ ಬೆಂಚಿನ ಮೇಲೆ ಕುಳಿತು, “ಸೀರೆ ಪ್ರಚಾರದ ಫೋಟೊ, 12” ಎಂದು ಬರೆಸಿಕೊಂಡೇ ಎದ್ದೆ.