ಚೆಕ್‌ಲಿಸ್ಟಿಗೆ ಸೇರಿದ ಒಂದು ಕಾಲಂ

ಪುಣೆಯ ಹಿಂಜೆವಾಡಿಯ ಕಂಪನಿಯಲ್ಲಿ ಕೆಲಸದ ಟಿಕೆಟ್‌ಗಳನ್ನು ನಿಭಾಯಿಸುವ ಜಿರಾಕ್ಕೆ ಆರು ವರ್ಷ ಅಡ್ಮಿನ್ ಆಗಿದ್ದೆ. ಬಿಡುವಾಗ ವರ್ಕ್‌ಫ್ಲೋ, ಆಟೊಮೇಷನ್, ಇಂಟಿಗ್ರೇಷನ್ ಎಂದು ಮೂರು ಭಾಗ ಮಾಡಿ ಚೆಕ್‌ಲಿಸ್ಟ್ ಬರೆದೆ. ನನ್ನ ಜಾಗಕ್ಕೆ ಬಂದವಳು ಬೆಳಗಾವಿಯ ಹುಡುಗಿ. ಓದಿ ಮುಗಿಸಿ, "ಸರ, ಏನ್ ಮಾಡ್ತಾವ ಅಂತ ಬರದೀರಿ, ಯಾರ ಹೆಸರಿನ್ಯಾಗ ನಡೀತಾವ ಅಂತ ಇಲ್ಲಲ್ರಿ?" ಎಂದಳು. ಅವತ್ತೇ ಆ ಕಾಲಂ ಸೇರಿಸಿದೆ. ಉಳಿದ ದಿನಗಳ ಕೆಲಸವೆಲ್ಲ ಅದೇ ಆಯಿತು.

ಜಿರಾ ಕ್ಲೌಡ್‌ನಲ್ಲಿ ಪ್ರತಿ ಆಟೊಮೇಷನ್ ರೂಲಿಗೂ ಓನರ್, ಆ್ಯಕ್ಟರ್ ಎಂದು ಇಬ್ಬರು. ರೂಲು ಯಾರ ಹಕ್ಕಿನಲ್ಲಿ ಟಿಕೆಟ್ ಬದಲಿಸುತ್ತದೋ ಅವರು ಆ್ಯಕ್ಟರ್. ಕೆಟ್ಟಾಗ ಮೇಲ್ ಹೋಗುವುದು ಓನರ್‌ಗೆ. ಎರಡೂ ಕಡೆ ನಾನೇ ಇದ್ದರೆ, ನನ್ನ ಖಾತೆ ಮುಚ್ಚಿದ ಮೇಲೆ ರೂಲು ಆನ್ ಆಗಿಯೇ ಕಾಣುತ್ತದೆ, ಓಡಿದಾಗಲೆಲ್ಲ ಸೋಲುತ್ತದೆ, ಸುದ್ದಿ ಯಾರಿಗೂ ಮುಟ್ಟುವುದಿಲ್ಲ. ಹಾಗಾಗಿ ರೂಲುಗಳನ್ನೆಲ್ಲ JSON ಆಗಿ ಎಕ್ಸ್‌ಪೋರ್ಟ್ ಮಾಡಿ, ನನ್ನ ಅಕೌಂಟ್ ಐಡಿ ಎಲ್ಲೆಲ್ಲಿದೆ ಎಂದು ಹುಡುಕಿದೆವು. ಹನ್ನೊಂದು ರೂಲುಗಳಿಗೆ ನಾನೇ ಆ್ಯಕ್ಟರ್.

ಹತ್ತನ್ನು ಜಿರಾದ್ದೇ ಆದ `Automation for Jira` ಹೆಸರಿಗೆ ಬದಲಿಸಿದರೆ ಸಾಕಾಯಿತು. ಹನ್ನೊಂದನೆಯದು ರಿಲೀಸ್ ಟಿಕೆಟನ್ನು ಅನುಮೋದನೆಗೆ ದಾಟಿಸುವ ರೂಲು. ಆ ಟ್ರಾನ್ಸಿಷನ್ ಮೇಲೆ, ರಿಲೀಸ್ ಗುಂಪಿನವರು ಮಾತ್ರ ಮಾಡಬಹುದು ಎಂಬ ಕಂಡಿಷನ್ ಹಾಕಿದ್ದವನು ನಾನೇ. ರೂಲಿಗೂ ಅದು ಅನ್ವಯಿಸುತ್ತದೆ. ಅದನ್ನೂ `Automation for Jira` ಹೆಸರಿಗೆ ಹಾಕಿದ್ದೆವು, ಆಡಿಟ್ ಲಾಗ್ ತೆರೆದಾಗಲೇ ಸೋತದ್ದು ಗೊತ್ತಾದದ್ದು. ಕಂಡಿಷನ್ ಸಡಿಲಿಸಲು ನನಗೆ ಮನಸ್ಸು ಬರಲಿಲ್ಲ. ಯಾವ ವ್ಯಕ್ತಿಯದ್ದೂ ಅಲ್ಲದ ಒಂದು ಸರ್ವಿಸ್ ಖಾತೆಯನ್ನು ಮಾಮೂಲಿ ಬಳಕೆದಾರರ ಖಾತೆಯಂತೆಯೇ ತೆರೆದು, ಆ ಗುಂಪಿಗೆ ಸೇರಿಸಿ, ರೂಲಿಗೆ ಆ್ಯಕ್ಟರ್ ಮಾಡಿದೆವು. ಅದಕ್ಕೊಂದು ಲೈಸೆನ್ಸ್ ಖರ್ಚಾಗುತ್ತದೆ ಎಂದು ಮ್ಯಾನೇಜರ್ ಹಿಂಜರಿದರು, ನಾನು ಬಿಡಲಿಲ್ಲ.

ಟೋಕನ್‌ಗಳು ಇದಕ್ಕಿಂತ ಕಷ್ಟ. ಬೇರೆ ಪ್ರೋಗ್ರಾಂಗಳು ಪಾಸ್‌ವರ್ಡ್ ಬದಲು ಬಳಸುವ ಎಪಿಐ ಟೋಕನ್ ಅದನ್ನು ಮಾಡಿದ ಖಾತೆಗೆ ಸೇರಿದ್ದು, ಖಾತೆಯ ಜೊತೆಗೇ ಹೋಗುತ್ತದೆ. ಬಿಲ್ಡ್ ನಡೆಸುವ ಜೆಂಕಿನ್ಸ್‌ನಲ್ಲಿದ್ದ ಟೋಕನ್ ಯಾರದ್ದೆಂದು ಹೀಗೆ ನೋಡಿದೆವು:

```
curl -u "$EMAIL:$TOKEN" https://$SITE/rest/api/3/myself
```

ಉತ್ತರದಲ್ಲಿ ನನ್ನ ಹೆಸರೇ ಬಂತು. ಸರ್ವಿಸ್ ಖಾತೆಯಿಂದ ಹೊಸ ಟೋಕನ್ ಮಾಡಿ, ಅದು ಮುಗಿಯುವ ತಾರೀಖನ್ನೂ ಚೆಕ್‌ಲಿಸ್ಟಿನಲ್ಲಿ ಬರೆದೆವು.

ನನ್ನ ಟೋಕನ್ ಪಟ್ಟಿಯಲ್ಲಿ `test2` ಎಂಬುದೊಂದು ಉಳಿದಿತ್ತು. ಎಲ್ಲಿ ಬಳಕೆಯಲ್ಲಿದೆಯೋ ನನಗೆ ನೆನಪಿಲ್ಲ, ಕೊನೆಯ ಬಳಕೆ ಮಾತ್ರ ಹಿಂದಿನ ದಿನದ್ದು. ನಾನಿನ್ನೂ ಆಫೀಸಿನಲ್ಲಿ ಇರುವಾಗಲೇ, ಸೋಮವಾರ ಬೆಳಿಗ್ಗೆ ಅದನ್ನು ರದ್ದು ಮಾಡಿದೆ. ಮಧ್ಯಾಹ್ನ ರಿಪೋರ್ಟಿಂಗ್ ತಂಡದಿಂದ ಕರೆ ಬಂತು. ಅವರ ಸರ್ವರಿನ ಹಳೆಯ ಪೈಥಾನ್ ಸ್ಕ್ರಿಪ್ಟಿಗೆ 401 ಬರುತ್ತಿತ್ತಂತೆ. ಅವರು ಫೋನ್ ಮಾಡಿದ್ದು ಅವಳಿಗೆ. ನಾನು ಪಕ್ಕದಲ್ಲಿ ಕೂತು, ಅವಳು ಹೊಸ ಟೋಕನ್ ಹಾಕಿಸಿ ಚೆಕ್‌ಲಿಸ್ಟಿಗೆ ಆ ಸಾಲು ಸೇರಿಸುವುದನ್ನು ನೋಡಿದೆ.