ಪ್ರೋಟೀನ್ ಬಂತು, ಮುದ್ದೆ ಹೋಯ್ತು

ಜಿಮ್ ಸೇರಿದ ಹುಡುಗರು ಮೊದಲು ಬಿಡುವುದೇ ಮುದ್ದೆಯನ್ನು. ಹಾಸನದಲ್ಲಿರುವ ನನ್ನ ತಂಗಿ ಮಗನೂ ಹಾಗೇ ಮಾಡಿದ್ದ. ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಚಿಕನ್, ಸಂಜೆ ಹಾಲಿಗೆ ಪ್ರೋಟೀನ್ ಪುಡಿ, ರಾತ್ರಿ ಪನೀರ್. ಸ್ವಲ್ಪ ದಿನಕ್ಕೇ ಹೊಟ್ಟೆ ತಮಟೆ ತರ ಬಿಗಿಯಿತು, ಮೋಷನ್ನೂ ಸರಿಯಾಗಿ ಆಗುತ್ತಿರಲಿಲ್ಲ. "ಪ್ರೋಟೀನ್ ನನಗೆ ಆಗಿಬರಲ್ಲ ಅನ್ಸುತ್ತೆ ದೊಡ್ಡಮ್ಮ" ಎಂದ.

ಪಾಪ, ಪ್ರೋಟೀನ್ ಏನು ಮಾಡಿತು? ಮೊಟ್ಟೆ, ಚಿಕನ್, ಪನೀರಿನಲ್ಲಿ ನಾರು ಇಲ್ಲವೇ ಇಲ್ಲ. ರಾಗಿಹಿಟ್ಟಿನಲ್ಲಿ 100 ಗ್ರಾಂಗೆ ಸುಮಾರು 11 ಗ್ರಾಂ ಇದೆ. ದಿನಕ್ಕೆ ನಮಗೆ ಬೇಕಾದದ್ದು 25–30 ಗ್ರಾಂ. ಮುದ್ದೆ, ಸೊಪ್ಪು, ಕಾಳು ಮೂರನ್ನೂ ತಟ್ಟೆಯಿಂದ ತೆಗೆದರೆ ಹೊಟ್ಟೆ ಕಟ್ಟದೆ ಇರುತ್ತಾ?

ಉಬ್ಬರದ ಕಥೆ ಬೇರೆ. ಪುಡಿ ಡಬ್ಬಿಯ ಮೇಲೆ 'ವೇ ಕಾನ್ಸಂಟ್ರೇಟ್' ಎಂದಿದ್ದರೆ ಅದರಲ್ಲಿ ಹಾಲಿನ ಸಕ್ಕರೆ ಸ್ವಲ್ಪ ಉಳಿದಿರುತ್ತದೆ. ಅದರ ಜೊತೆಗೆ ದೊಡ್ಡ ಲೋಟ ಹಾಲು ಬೇರೆ. ಆ ಸಕ್ಕರೆ ಅರಗದವರಿಗೆ ಕುಡಿದ ಕೆಲವೇ ಗಂಟೆಯಲ್ಲಿ ಹೊಟ್ಟೆ ಗುಡುಗುಡು ಅನ್ನುತ್ತದೆ. ನಾಲ್ಕು ದಿನ ಪುಡಿಯನ್ನು ಬರೀ ನೀರಿನಲ್ಲಿ ಕಲಸಿ ನೋಡಿ. ಆಗಲೂ ಉಬ್ಬಿದರೆ ಪುಡಿಯನ್ನೇ ನಿಲ್ಲಿಸಿ ನೋಡಿ. 'ಐಸೊಲೇಟ್' ಎಂಬುದರಲ್ಲಿ ಆ ಸಕ್ಕರೆ ತೀರಾ ಕಡಿಮೆ, ಆದರೆ ಬೆಲೆ ಜಾಸ್ತಿ.

ನನ್ನನ್ನು ಕೇಳಿದರೆ ಹುರುಳಿ ಬಸ್ಸಾರು ಸಾಕು. ಹುರುಳಿಕಾಳಿನಲ್ಲಿ ಪ್ರೋಟೀನೂ ಇದೆ, ನಾರೂ ಇದೆ. ಒಂದು ಹಿಡಿ ಕಾಳನ್ನು ರಾತ್ರಿಯೇ ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿಬಿಡಿ, ಗ್ಯಾಸ್ ಮಾಡುವ ಅಂಶ ಸ್ವಲ್ಪ ಅದರಲ್ಲೇ ಹೋಗುತ್ತದೆ. ಹೊಸ ನೀರಿನಲ್ಲಿ ಕಾಳು ಬೆರಳಲ್ಲಿ ಹಿಸುಕಿದರೆ ಮೆತ್ತಗಾಗುವಷ್ಟು ಬೇಯಿಸಿ. ಅರೆಬೆಂದ ಕಾಳು ಹೊಟ್ಟೆಗೆ ಶತ್ರು. ಕೊನೆಗೆ ದಂಟಿನ ಸೊಪ್ಪು ಹಾಕಿ ಬಸಿಯಿರಿ. ಕಟ್ಟಿನಲ್ಲಿ ಸಾರು, ಉಳಿದದ್ದಕ್ಕೆ ಒಗ್ಗರಣೆ ಹಾಕಿದರೆ ಪಲ್ಯ. ಪಲ್ಯ ಬಿಟ್ಟು ಬರೀ ಸಾರು ಸುರಿದುಕೊಂಡರೆ ನಾರು ಪಾತ್ರೆಯಲ್ಲೇ ಉಳಿಯುತ್ತದೆ!

ಆದರೆ ಒಂದೇ ದಿನ ಎಲ್ಲ ತುಂಬಬೇಡಿ, ಉಬ್ಬರ ಇನ್ನೂ ಏರುತ್ತದೆ. ಮೊದಲ ವಾರ ಮಧ್ಯಾಹ್ನಕ್ಕೆ ಸಣ್ಣ ಮುದ್ದೆ, ಸೊಪ್ಪು, ಸಂಜೆ ಒಂದು ಸೀಬೆಹಣ್ಣು. ಕಾಳು ಎರಡನೇ ವಾರದಿಂದ. ಚಿಕನ್ ಬಿಡಬೇಕಿಲ್ಲ, ಪಕ್ಕದಲ್ಲಿ ಪಲ್ಯ ಇದ್ದರಾಯಿತು. ನೀರು ಮಾತ್ರ ಮೊದಲ ದಿನದಿಂದಲೇ ಬೇಕು. ನೀರಿಲ್ಲದೆ ನಾರು ತಿಂದರೆ ಮಲ ಇನ್ನೂ ಗಟ್ಟಿಯಾಗುತ್ತದೆ. ಮಲೆನಾಡಿನ ಚಳಿಯಲ್ಲಿ ಬಾಯಾರುವುದಿಲ್ಲ ಅಂತ ಕುಡಿಯದೇ ಇರುತ್ತಾರೆ, ಕಾಫಿಯಲ್ಲೇ ದಿನ ಕಳೆಯುತ್ತದೆ. ಮೂತ್ರ ಕಡುಹಳದಿ ಇದ್ದರೆ ನೀರು ಸಾಲದು ಎಂದೇ ಲೆಕ್ಕ.

ಮಲದಲ್ಲಿ ರಕ್ತ ಕಂಡರೆ, ವಾಂತಿ ಆದರೆ, ಹೊಟ್ಟೆ ನೋವಿದ್ದು ಹೂಸೂ ಹೋಗದಿದ್ದರೆ ಮನೆಮದ್ದು ಮಾಡುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಿ. ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಏರಿಸುವ ಮೊದಲೇ ಅವರನ್ನು ಕೇಳಬೇಕು.